ಹನ್ನೊಂದು ತಿಂಗಳ ಬಾಡಿಗೆ ಕರಾರು: ನಡುವೆ ಮನೆ ಬಿಟ್ಟರೆ ಅಡ್ವಾನ್ಸ್ ಎಷ್ಟು ಮರಳಬೇಕು?

ಬೆಂಗಳೂರಿನ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬಾಡಿಗೆ ತಿಂಗಳಿಗೆ 22,000 ರೂಪಾಯಿ. ಅಡ್ವಾನ್ಸ್ ಆರು ತಿಂಗಳ ಬಾಡಿಗೆ, ಅಂದರೆ 1,32,000 ರೂಪಾಯಿ. ಕರಾರು ಜೂನ್ 1ರಿಂದ ಮುಂದಿನ ಏಪ್ರಿಲ್ 30ರವರೆಗೆ, ಹನ್ನೊಂದು ತಿಂಗಳಿಗೆ. ಸ್ಟಾಂಪ್ ಪೇಪರ್ ಮಾರುವ ಅಂಗಡಿಯಲ್ಲೇ ಸಿದ್ಧವಾಗಿ ಸಿಕ್ಕ ನಮೂನೆಯಲ್ಲಿ ಹೀಗೆ ಬರೆದಿದೆ: "ಲಾಕ್-ಇನ್ ಅವಧಿ ಆರು ತಿಂಗಳು. ಮನೆ ಖಾಲಿ ಮಾಡಲು ಒಂದು ತಿಂಗಳ ನೋಟಿಸ್ ಕೊಡಬೇಕು. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು. ಖಾಲಿ ಮಾಡುವಾಗ ಪೇಂಟಿಂಗ್ ಹಾಗೂ ಹಾನಿಯ ವೆಚ್ಚವನ್ನು ಮುರಿದುಕೊಂಡು ಉಳಿದ ಅಡ್ವಾನ್ಸ್ ಹಿಂತಿರುಗಿಸಲಾಗುವುದು." ಇಬ್ಬರೂ ಓದಿ ಸಹಿ ಹಾಕಿದ್ದಾರೆ.

ಬಾಡಿಗೆದಾರರಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಅಕ್ಟೋಬರ್ 1ರಂದು ನೋಟಿಸ್ ಕೊಟ್ಟು, ಆ ತಿಂಗಳ ಬಾಡಿಗೆಯನ್ನೂ ಕಟ್ಟಿ, ಅಕ್ಟೋಬರ್ 31ರಂದು ಅವರು ಬೀಗದ ಕೈ ಕೊಡುತ್ತಾರೆ. ಮಾಲೀಕರ ಲೆಕ್ಕ ಹೀಗಿದೆ: ಮನೆ ಬಿಡುವಂತಿಲ್ಲದ ಲಾಕ್-ಇನ್ ಅವಧಿ ನವೆಂಬರ್ 30ಕ್ಕೆ ಮುಗಿಯುವುದರಿಂದ ನವೆಂಬರ್ ಬಾಡಿಗೆ 22,000, ನೋಟಿಸ್ ಏನಿದ್ದರೂ ಲಾಕ್-ಇನ್ ಮುಗಿದ ಮೇಲಷ್ಟೇ ಎಣಿಕೆಗೆ ಬರುವುದರಿಂದ ಡಿಸೆಂಬರ್ ಬಾಡಿಗೆ ಇನ್ನೊಂದು 22,000, ಪೇಂಟಿಂಗ್‌ಗೆ ಎಲ್ಲರೂ ಮುರಿಯುವಂತೆ ಒಂದು ತಿಂಗಳ ಬಾಡಿಗೆ 22,000, ಆಗಸ್ಟ್‌ನಲ್ಲಿ ಸುಟ್ಟುಹೋದ ಸಂಪಿನ ಮೋಟರ್ ರಿಪೇರಿಗೆ 6,500. ಒಟ್ಟು 72,500 ಮುರಿದು 59,500 ರೂಪಾಯಿ ಹಿಂತಿರುಗಿಸಲು ಅವರು ಸಿದ್ಧರಿದ್ದಾರೆ. ಬಾಡಿಗೆದಾರರ ಲೆಕ್ಕದಲ್ಲಿ ಮುರಿಯಬೇಕಾದದ್ದು ನವೆಂಬರ್ ಬಾಡಿಗೆ ಮಾತ್ರ, ಮರಳಬೇಕಾದದ್ದು 1,10,000. ಎರಡರ ನಡುವಿನ ಅಂತರ 50,500 ರೂಪಾಯಿ, ಅಂದರೆ ಎರಡೂಕಾಲು ತಿಂಗಳ ಬಾಡಿಗೆಗಿಂತ ಹೆಚ್ಚು.

ಇವರಲ್ಲಿ ಯಾರೂ ಮೋಸಗಾರರಲ್ಲ ಎಂಬುದನ್ನು ಮೊದಲೇ ಹೇಳಬೇಕು. ಇಬ್ಬರೂ ಅದೇ ನಾಲ್ಕು ಸಾಲುಗಳನ್ನು ಓದಿ ಈ ಲೆಕ್ಕಗಳಿಗೆ ಬಂದಿದ್ದಾರೆ, ಮತ್ತು ಆ ಸಾಲುಗಳು ಎರಡು ಓದಿಗೂ ಜಾಗ ಕೊಡುತ್ತವೆ. ನೋಟಿಸ್, ಲಾಕ್-ಇನ್, ರಿಪೇರಿ, ಅಡ್ವಾನ್ಸ್ ಎಂಬ ನಾಲ್ಕು ಷರತ್ತುಗಳನ್ನು ನಮೂನೆಗಳು ಬಿಡಿಬಿಡಿಯಾಗಿ ಬರೆಯುತ್ತವೆ. ಮನೆ ಬಿಡುವ ದಿನ ಮಾತ್ರ ಅವೆಲ್ಲವೂ ಒಂದೇ ಲೆಕ್ಕದಲ್ಲಿ ಬಂದು ಸೇರುತ್ತವೆ. ಒಂದು ಇನ್ನೊಂದಕ್ಕೆ ಹೇಗೆ ಹೊಂದಿಕೊಳ್ಳುತ್ತದೆ ಎಂದು ಬರೆಯದೆ ಬಿಟ್ಟದ್ದೇ ಇಲ್ಲಿನ ಜಗಳದ ಮೂಲ.

ಹನ್ನೊಂದು ತಿಂಗಳು ಏಕೆ ಎಂಬುದನ್ನು ಬೇಗ ಮುಗಿಸೋಣ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕೆ ಮೀರಿದ, ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ, ಅಥವಾ ವಾರ್ಷಿಕ ಬಾಡಿಗೆ ಗೊತ್ತುಪಡಿಸಿದ ಗೇಣಿಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮೂ ಇದನ್ನೇ ಹೇಳುತ್ತದೆ. ಹನ್ನೊಂದು ತಿಂಗಳಿಗೆ ಬರೆದರೆ ಉಪ ನೋಂದಣಾಧಿಕಾರಿ ಕಚೇರಿಗೆ ಹೋಗುವ ಖರ್ಚು ಮತ್ತು ಓಡಾಟ ತಪ್ಪುತ್ತದೆ. ಈ ಅವಧಿಯಿಂದ ಆಗುವ ಉಪಕಾರ ಅಷ್ಟೇ. ಮುದ್ರಾಂಕ ಶುಲ್ಕ ಇದರಿಂದ ತಪ್ಪುವುದಿಲ್ಲ. ಸರಿಯಾದ ಮೌಲ್ಯದ ಸ್ಟಾಂಪ್ ಇಲ್ಲದ ಪತ್ರವನ್ನು ಕರ್ನಾಟಕ ಮುದ್ರಾಂಕ ಕಾಯ್ದೆ 1957ರ 34ನೇ ಕಲಮಿನಂತೆ ಕೊರತೆಯ ಶುಲ್ಕವನ್ನೂ ದಂಡವನ್ನೂ ಕಟ್ಟುವವರೆಗೆ ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪುವುದಿಲ್ಲ, ಮತ್ತು ಆ ದಂಡ ಕೊರತೆಯ ಹತ್ತು ಪಟ್ಟಿನವರೆಗೆ ಏರಬಹುದು. ನೋಟರಿ ಮುದ್ರೆ ಬಿದ್ದರೆ ಕರಾರು ನೋಂದಣಿಯಾದಂತೆ ಎಂದು ನಂಬಿದವರು ಬಹಳ. ನೋಟರಿಯು ಸಹಿ ಯಾರದ್ದೆಂದು ದೃಢೀಕರಿಸುತ್ತಾರೆಯೇ ಹೊರತು ಆ ಮುದ್ರೆ ನೋಂದಣಿಯ ಜಾಗವನ್ನೂ ತುಂಬುವುದಿಲ್ಲ, ಮುದ್ರಾಂಕದ ಕೊರತೆಯನ್ನೂ ತುಂಬುವುದಿಲ್ಲ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಹನ್ನೊಂದು ತಿಂಗಳ ಕರಾರು ಎಂದರೆ ಅವಧಿ ನಿಗದಿಯಾದ ಕರಾರು. ತಿಂಗಳಿಂದ ತಿಂಗಳಿಗೆ ನಡೆಯುವ ಮನೆ ಬಾಡಿಗೆಯನ್ನು ಹದಿನೈದು ದಿನಗಳ ನೋಟಿಸಿನಿಂದ ಮುಗಿಸಬಹುದೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ಹೇಳುತ್ತದೆ, ನಿಜ. ಆದರೆ ಆ ನಿಯಮ ಇರುವುದು ಬೇರೆ ಕರಾರು ಇಲ್ಲದ ಸಂದರ್ಭಕ್ಕೆ. ಹನ್ನೊಂದು ತಿಂಗಳೆಂದು ಬರೆದು, ನಡುವೆ ಬಿಡುವ ದಾರಿಯನ್ನು ಎಲ್ಲೂ ಬರೆಯದಿದ್ದರೆ, ಬಾಡಿಗೆದಾರರೂ ಹನ್ನೊಂದು ತಿಂಗಳು ಬದ್ಧರು, ಮಾಲೀಕರೂ ಬದ್ಧರು. ಹಾಗಾಗಿ ನೋಟಿಸ್ ಷರತ್ತನ್ನು ಬಿಟ್ಟು ಹೋಗುವವರ ಮೇಲೆ ಹೇರಿದ ಹೊರೆ ಎಂದು ನೋಡುವುದು ತಪ್ಪು. ಕಟ್ಟಿದ ಅವಧಿಗೆ ಬಾಗಿಲು ಇಡುವುದೇ ಆ ಷರತ್ತು. ಲಾಕ್-ಇನ್ ಎಂದರೆ ಆ ಬಾಗಿಲನ್ನು ಮೊದಲ ಕೆಲವು ತಿಂಗಳು ಮುಚ್ಚಿಡುವುದು. ಹೀಗೆ ನೋಡಿದರೆ ನೋಟಿಸ್ ಷರತ್ತಿಲ್ಲದ ಕರಾರಿನಲ್ಲಿ ಲಾಕ್-ಇನ್ ಷರತ್ತಿಗೆ ಅರ್ಥವೇ ಇಲ್ಲ, ಏಕೆಂದರೆ ಅಲ್ಲಿ ಹನ್ನೊಂದೂ ತಿಂಗಳು ಲಾಕ್-ಇನ್ ಆಗಿಯೇ ಇರುತ್ತವೆ.

ಈಗ ನಮ್ಮ ಉದಾಹರಣೆಯ ಮೊದಲ ತಕರಾರಿಗೆ ಬರೋಣ. ಲಾಕ್-ಇನ್ ನಡೆಯುತ್ತಿರುವಾಗ ನೋಟಿಸ್ ಕೊಡಬಹುದೇ? "ಆರು ತಿಂಗಳು ಲಾಕ್-ಇನ್, ಒಂದು ತಿಂಗಳು ನೋಟಿಸ್" ಎಂಬ ಸಾಲು ಇದಕ್ಕೆ ಉತ್ತರಿಸುವುದಿಲ್ಲ. ಆರನೇ ತಿಂಗಳ ಮೊದಲ ದಿನ ನೋಟಿಸ್ ಕೊಟ್ಟು ಕೊನೆಯ ದಿನ ಹೊರಡಬಹುದು ಎಂದು ಒಬ್ಬರು ಓದಿದರೆ, ಏಳನೇ ತಿಂಗಳು ಶುರುವಾದ ಮೇಲೆ ನೋಟಿಸ್ ಕೊಟ್ಟು ಅದರ ಕೊನೆಗೆ ಹೊರಡಬೇಕು ಎಂದು ಇನ್ನೊಬ್ಬರು ಓದುತ್ತಾರೆ. ಎರಡನೆಯ ಓದಿನಲ್ಲಿ ಆರು ತಿಂಗಳ ಲಾಕ್-ಇನ್ ಸದ್ದಿಲ್ಲದೆ ಏಳು ತಿಂಗಳಾಗುತ್ತದೆ. ನೋಟಿಸ್ ಎರಡು ತಿಂಗಳಿದ್ದರೆ ಎಂಟು. ಇದನ್ನು ತಪ್ಪಿಸಲು ಉದ್ದದ ಕಾನೂನು ಭಾಷೆ ಬೇಕಿಲ್ಲ, ಈ ಒಂದು ವಾಕ್ಯ ಸಾಕು: "ನೋಟಿಸನ್ನು ಲಾಕ್-ಇನ್ ಅವಧಿಯೊಳಗೂ ಕೊಡಬಹುದು, ನೋಟಿಸ್ ಅವಧಿ ಮತ್ತು ಲಾಕ್-ಇನ್ ಅವಧಿ ಒಟ್ಟೊಟ್ಟಿಗೆ ಸಾಗಬಹುದು, ಆದರೆ ಮನೆ ಬಿಡುವ ದಿನ ನವೆಂಬರ್ 30ಕ್ಕಿಂತ ಮುಂಚೆ ಇರಬಾರದು." ತಿಂಗಳುಗಳನ್ನು ಎಣಿಸುವ ಬದಲು ದಿನಾಂಕವನ್ನೇ ಬರೆದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೂ ಮುಂಚೆ ಬಿಟ್ಟರೆ ಏನು ಎಂಬುದು ಎರಡನೇ ಪ್ರಶ್ನೆ, ಮತ್ತು ಹೆಚ್ಚು ಹಣ ಕೈಬದಲಾಗುವುದು ಇಲ್ಲಿಯೇ. ಕೆಲವು ಕರಾರುಗಳಲ್ಲಿ "ಲಾಕ್-ಇನ್ ಮುರಿದರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು" ಎಂದಿರುತ್ತದೆ. ಬರೆದು ಸಹಿಯಾಗಿದೆ ಎಂದ ಮಾತ್ರಕ್ಕೆ ಅಷ್ಟೂ ಹಣ ಮಾಲೀಕರದಾಗುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದಾಗ ಕೊಡಬೇಕೆಂದು ಹೆಸರಿಸಿದ ಮೊತ್ತ ಒಂದು ಗರಿಷ್ಠ ಮಿತಿ. ಅದರೊಳಗೆ ಸಮಂಜಸವಾದಷ್ಟು ಪರಿಹಾರ ಮಾತ್ರ ಸಿಗುತ್ತದೆ. ಕೈಯಲ್ಲಿ ಈಗಾಗಲೇ ಇರುವ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಈ ಕಲಮು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1963ರ ಫತೇಚಂದ್ ಪ್ರಕರಣದಲ್ಲಿ ಹೇಳಿತು. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ, ನಷ್ಟವನ್ನು ರುಜುವಾತು ಮಾಡಲು ಸಾಧ್ಯವಿರುವ ಕಡೆ ರುಜುವಾತು ಮಾಡಲೇಬೇಕು ಎಂದು 2015ರ ಕೈಲಾಸ್ ನಾಥ್ ಪ್ರಕರಣದಲ್ಲಿ ಇನ್ನಷ್ಟು ಸ್ಪಷ್ಟಪಡಿಸಿತು. ಇವು ಬಾಡಿಗೆ ಮನೆಯ ಪ್ರಕರಣಗಳಲ್ಲ, ಜಮೀನು ಮತ್ತು ನಿವೇಶನದ ವ್ಯವಹಾರದವು; ಆದರೆ ತತ್ವ ಎಲ್ಲ ಕರಾರುಗಳಿಗೂ ಒಂದೇ.

ಮನೆ ಬಾಡಿಗೆಯಲ್ಲಿ ಮಾಲೀಕರ ನಷ್ಟ ಎಂದರೆ ಬಹುಮಟ್ಟಿಗೆ ಮನೆ ಖಾಲಿ ಬಿದ್ದ ದಿನಗಳ ಬಾಡಿಗೆ. ನಮ್ಮ ಉದಾಹರಣೆಯಲ್ಲಿ ನವೆಂಬರ್ 16ರಿಂದ ಅದೇ ಬಾಡಿಗೆಗೆ ಹೊಸಬರು ಬಂದರು ಎಂದುಕೊಳ್ಳಿ. ಆಗ ಮನೆ ಖಾಲಿ ಇದ್ದದ್ದು ಹದಿನೈದು ದಿನ, ನಷ್ಟ 11,000 ರೂಪಾಯಿ. ಹೊಸಬರಿಂದ ನವೆಂಬರ್ ಉತ್ತರಾರ್ಧದ ಮತ್ತು ಡಿಸೆಂಬರ್‌ನ ಬಾಡಿಗೆ ಪಡೆಯುತ್ತಲೇ ಹಳಬರಿಂದಲೂ ಅದೇ ದಿನಗಳ ಬಾಡಿಗೆ ಮುರಿದುಕೊಳ್ಳುವುದು ಒಂದೇ ಮನೆಗೆ ಎರಡು ಬಾಡಿಗೆ ಪಡೆದಂತೆ. ಆದರೆ ಹೊಸಬರು ಯಾವಾಗ ಬಂದರು ಎಂಬುದು ಬಿಟ್ಟು ಹೋದವರಿಗೆ ತಿಳಿಯುವುದು ಕಷ್ಟ, ಹನ್ನೊಂದು ಸಾವಿರಕ್ಕಾಗಿ ದಾವೆ ಹೂಡುವವರೂ ವಿರಳ. ಅದಕ್ಕೇ ಈ ಮಾತನ್ನು ಕಾನೂನಿನ ಪಾಲಿಗೆ ಬಿಡದೆ ಕರಾರಿನಲ್ಲೇ ತರಬೇಕು: "ಲಾಕ್-ಇನ್ ಮುಗಿಯುವ ಮುನ್ನ ಬಾಡಿಗೆದಾರರು ಮನೆ ಬಿಟ್ಟರೆ, ಲಾಕ್-ಇನ್‌ನ ಉಳಿದ ದಿನಗಳ ಬಾಡಿಗೆಯನ್ನು ಕೊಡತಕ್ಕದ್ದು, ಅಷ್ಟರೊಳಗೆ ಮನೆ ಬೇರೆಯವರಿಗೆ ಬಾಡಿಗೆಗೆ ಹೋದರೆ, ಹೋದ ದಿನದಿಂದಾಚೆಗಿನ ಬಾಡಿಗೆಯನ್ನು ಮಾಲೀಕರು ಹಿಂತಿರುಗಿಸತಕ್ಕದ್ದು. ಇದರ ಹೊರತು ಬೇರೆ ದಂಡವಿಲ್ಲ." ಇದರಲ್ಲಿ ಮಾಲೀಕರಿಗೂ ಅನ್ಯಾಯವಿಲ್ಲ. ಮನೆ ಖಾಲಿ ಬಿದ್ದಷ್ಟೂ ದಿನ ಅವರ ಬಾಡಿಗೆ ಭದ್ರವಾಗಿರುತ್ತದೆ, ಲಾಕ್-ಇನ್ ಇರುವುದೇ ಅದಕ್ಕಾಗಿ.

ಲಾಕ್-ಇನ್ ಯಾರನ್ನು ಕಟ್ಟುತ್ತದೆ ಎಂಬುದನ್ನೂ ಬರೆಯಬೇಕು. ನಮೂನೆಗಳಲ್ಲಿ ಬಹುತೇಕ ಬಾಡಿಗೆದಾರರನ್ನು ಮಾತ್ರ ಕಟ್ಟುವಂತೆ ಇರುತ್ತದೆ. ಆಗ ಮಾಲೀಕರು ಮೂರನೇ ತಿಂಗಳಲ್ಲೇ ಒಂದು ತಿಂಗಳ ನೋಟಿಸ್ ಕೊಟ್ಟು, ಮಗನ ಮದುವೆಯೆಂದೋ ಮನೆ ಮಾರುತ್ತೇವೆಂದೋ ಖಾಲಿ ಮಾಡಲು ಹೇಳಬಹುದು. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಕ್ಕೆ ಇದು ಎಂಥ ಪೆಟ್ಟು ಎಂದು ನೋಡಿದವರಿಗೆ ಗೊತ್ತು. ಲಾಕ್-ಇನ್ ಇಬ್ಬರಿಗೂ ಒಂದೇ ಇರಲಿ. ಅದಕ್ಕೆ ವಿನಾಯಿತಿಗಳನ್ನು ಹೆಸರಿಸಿ ಬರೆಯುವುದು ನ್ಯಾಯ: ಎರಡು ತಿಂಗಳು ಬಾಡಿಗೆ ಕಟ್ಟದಿದ್ದರೆ ಅಥವಾ ಮನೆಯನ್ನು ಒಳಬಾಡಿಗೆಗೆ ಕೊಟ್ಟರೆ ಮಾಲೀಕರು ಮೊದಲೇ ಕರಾರು ಮುಗಿಸಬಹುದು, ಮನೆ ವಾಸಕ್ಕೆ ಯೋಗ್ಯವಲ್ಲದಂತಾಗಿ, ತಿಳಿಸಿದ ಮೇಲೂ ಇಂತಿಷ್ಟು ದಿನಗಳಲ್ಲಿ ಸರಿಹೋಗದಿದ್ದರೆ ಬಾಡಿಗೆದಾರರು ದಂಡವಿಲ್ಲದೆ ಹೊರಡಬಹುದು.

ನೋಟಿಸ್ ಹೇಗೆ ಕೊಡಬೇಕು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದನ್ನು ತಿಂಗಳ ನಂತರ ಇಬ್ಬರೂ ಬೇರೆ ಬೇರೆಯಾಗಿ ನೆನಪಿಡುತ್ತಾರೆ. ಕರಾರಿನಲ್ಲಿ ಇಬ್ಬರ ಇಮೇಲ್ ವಿಳಾಸ ಮತ್ತು ವಾಟ್ಸ್‌ಆ್ಯಪ್ ಸಂಖ್ಯೆಯನ್ನು ಬರೆದು, ಅವುಗಳಿಗೆ ಕಳುಹಿಸಿದ ಸಂದೇಶವೂ ನೋಟಿಸ್ ಎಂದೂ, ತಲುಪಿದ ಮರುದಿನದಿಂದ ದಿನ ಎಣಿಸಬೇಕೆಂದೂ ಸೇರಿಸಿದರೆ ಆಯಿತು. ಹಳೆಯ ನಮೂನೆಗಳಲ್ಲಿ ಇನ್ನೂ "ರಿಜಿಸ್ಟರ್ಡ್ ಪೋಸ್ಟ್ ಮೂಲಕ" ಎಂದೇ ಇರುತ್ತದೆ. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ಆ ಸೇವೆಯನ್ನು ಸ್ಪೀಡ್ ಪೋಸ್ಟ್‌ನೊಳಗೆ ವಿಲೀನಗೊಳಿಸಿದೆ, ಹಾಗಾಗಿ ಆ ಸಾಲನ್ನು ಬದಲಿಸಿಕೊಳ್ಳುವುದು ಒಳ್ಳೆಯದು.

ರಿಪೇರಿಯ ವಿಷಯದಲ್ಲಿ ಕಾನೂನು ಎಷ್ಟು ದೂರ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಬಹಳ ಮುಖ್ಯ. ಮಾಲೀಕರು ತಾವು ಮಾಡಿಸಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಮಂಜಸವಾದ ಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆ. ಕೇಳಲು ಬಲವಾದ ಹಕ್ಕು. ಆದರೆ ಅಲ್ಲಿರುವ "ತಾವು ಮಾಡಿಸಬೇಕಾದ" ಎಂಬ ಮಾತನ್ನು ಗಮನಿಸಿ. ಯಾವ ರಿಪೇರಿ ಮಾಲೀಕರದು ಎಂಬ ಪಟ್ಟಿ ಆ ಕಾಯ್ದೆಯಲ್ಲಿ ಇಲ್ಲ. ಅದನ್ನು ಹೇಳಬೇಕಾದದ್ದು ಕರಾರು. "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಎಂದಷ್ಟೇ ಬರೆದ ಕರಾರಿನಲ್ಲಿ ಸಂಪಿನ ಮೋಟರ್ ಸಣ್ಣದೋ ದೊಡ್ಡದೋ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಉತ್ತರ ಇಲ್ಲದ ಕಡೆ ಹಣ ಯಾರ ಕೈಯಲ್ಲಿದೆಯೋ ಅವರ ಮಾತು ನಡೆಯುತ್ತದೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆಯಲ್ಲ ಎನ್ನಬಹುದು. ಆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ಹೊರಗಿಟ್ಟಿದೆ. ಇಂದಿನ ಬಾಡಿಗೆಗಳಲ್ಲಿ ಅದರೊಳಗೆ ಬರುವ ಮನೆ ಎಷ್ಟಿದ್ದಾವು? ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎನ್ನುತ್ತದೆ, ಮತ್ತು ಈ ಮಾತು ಸಾಮಾಜಿಕ ಜಾಲತಾಣಗಳಲ್ಲಿ ದೇಶಕ್ಕೆಲ್ಲ ಜಾರಿಯಾದ ನಿಯಮವೆಂಬಂತೆ ಮತ್ತೆ ಮತ್ತೆ ಹರಿದಾಡುತ್ತದೆ. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯವೊಂದು ಅದನ್ನು ಅನುಸರಿಸಿ ತನ್ನದೇ ಕಾಯ್ದೆ ಮಾಡಿದರೆ ಮಾತ್ರ ಅಲ್ಲಿ ಅದು ನಿಯಮವಾಗುತ್ತದೆ. ಅದನ್ನು ತೋರಿಸಿ ಆರು ತಿಂಗಳ ಅಡ್ವಾನ್ಸನ್ನು ಅಕ್ರಮ ಎನ್ನಲು ಬರುವುದಿಲ್ಲ.

ಆದರೂ ಆ ಮಾದರಿ ಕಾಯ್ದೆಯಿಂದ ಒಂದು ಭಾಗವನ್ನು ಇಬ್ಬರೂ ಒಪ್ಪಿ ಕರಾರಿಗೆ ಎರವಲು ತರಬಹುದು. ಅದು ಅದರ ಎರಡನೇ ಅನುಸೂಚಿಯಲ್ಲಿರುವ ರಿಪೇರಿ ಹಂಚಿಕೆ. ಕಟ್ಟಡದ ರಚನೆಗೆ ಸಂಬಂಧಿಸಿದ ರಿಪೇರಿ, ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಗಳ ಬಣ್ಣ, ಕೊಳಾಯಿ ಪೈಪುಗಳನ್ನು ಬದಲಿಸುವುದು, ಒಳಗಿನ ಹೊರಗಿನ ವಿದ್ಯುತ್ ವೈರಿಂಗ್ ಇವನ್ನು, ಬಾಡಿಗೆದಾರರಿಂದ ಹಾನಿಯಾದ ಸಂದರ್ಭ ಬಿಟ್ಟು, ಅಲ್ಲಿ ಮಾಲೀಕರ ಪಾಲಿಗೆ ಹಾಕಲಾಗಿದೆ. ನಲ್ಲಿಯ ವಾಷರ್, ಚರಂಡಿ ಶುಚಿ, ಶೌಚಾಲಯ ಮತ್ತು ವಾಷ್‌ಬೇಸಿನ್ ರಿಪೇರಿ, ಗೀಸರ್ ರಿಪೇರಿ, ಸ್ವಿಚ್ಚು ಸಾಕೆಟ್ಟು, ಅಡುಗೆಮನೆಯ ಜೋಡಣೆಗಳು, ಬಾಗಿಲ ಹಿಡಿ ಮತ್ತು ಬೀಗ, ಕಿಟಕಿ ಗಾಜು ಇವು ಬಾಡಿಗೆದಾರರ ಪಾಲು. ಗೀಸರ್ ಬಗ್ಗೆ ನನಗೆ ಒಪ್ಪಿಗೆಯಿಲ್ಲ. ಹತ್ತು ವರ್ಷ ಹಳೆಯ ಗೀಸರ್ ಇಟ್ಟ ಮನೆಗೆ ಬಂದವರು ಎರಡನೇ ತಿಂಗಳಲ್ಲೇ ಅದರ ಕಾಯಿಲ್ ಬದಲಿಸಬೇಕು ಎನ್ನುವುದು ಸರಿಯಲ್ಲ. ಆದ್ದರಿಂದ ಹೆಸರುಗಳ ಪಟ್ಟಿಗೆ ಒಂದು ಮೊತ್ತವನ್ನೂ ಜೋಡಿಸುವುದು ಉತ್ತಮ: ಒಂದು ಬಾರಿಗೆ 1,000 ರೂಪಾಯಿವರೆಗಿನ ದಿನಬಳಕೆಯ ರಿಪೇರಿ ಬಾಡಿಗೆದಾರರದು, ಅದನ್ನು ಮೀರಿದ್ದು ಮಾಲೀಕರದು, ಬಾಡಿಗೆದಾರರ ತಪ್ಪಿನಿಂದ ಮುರಿದದ್ದು ಮೊತ್ತ ಎಷ್ಟಿದ್ದರೂ ಬಾಡಿಗೆದಾರರದು. ಮೊತ್ತ ಎಷ್ಟು ಎಂಬುದು ಬಾಡಿಗೆಗೆ ತಕ್ಕಂತೆ ಅವರವರ ಮಾತುಕತೆ. ಜೊತೆಗೆ ನೀರು, ವಿದ್ಯುತ್ತು, ಒಳಚರಂಡಿಯಂಥ ತುರ್ತಿಗೆ ಎರಡು ದಿನ, ಉಳಿದವಕ್ಕೆ ಹದಿನೈದು ದಿನ ಎಂದು ಗಡುವು ಹಾಕಿ, ಗಡುವು ದಾಟಿದರೆ ಬಾಡಿಗೆದಾರರು ಮಾಡಿಸಿ ಬಿಲ್ಲು ತೋರಿಸಿ ಮುಂದಿನ ಬಾಡಿಗೆಯಲ್ಲಿ ಮುರಿಯಬಹುದು ಎಂದು ಬರೆದರೆ, 108ನೇ ಕಲಮಿನ ಆ ಹಕ್ಕು ಬಳಕೆಗೆ ಬರುವಂತಾಗುತ್ತದೆ.

ಪೇಂಟಿಂಗ್ ಹಣದ ಬಗ್ಗೆ ಸ್ವಲ್ಪ ನಿಲ್ಲಬೇಕು. ಒಂದು ತಿಂಗಳ ಬಾಡಿಗೆ ಮುರಿಯುವುದು ಬೆಂಗಳೂರಿನಲ್ಲಿ ರೂಢಿಯಾಗಿಬಿಟ್ಟಿದೆ, ಇದ್ದದ್ದು ಐದು ತಿಂಗಳೋ ಐದು ವರ್ಷವೋ ಎಂದು ಯಾರೂ ಕೇಳುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಬಳಕೆಯ ಸವಕಳಿಗೆ ಅವರು ಹೊಣೆಯಲ್ಲ. ಬಿಸಿಲಿಗೆ ಮಾಸಿದ ಬಣ್ಣ, ಮಂಚ ತಾಗಿದ ಕಡೆ ಮೂಡಿದ ಗೆರೆ ಸವಕಳಿ. ಗೋಡೆಗೆ ಕೊರೆದ ಹತ್ತು ರಂಧ್ರ, ಮಕ್ಕಳು ಕ್ರೇಯಾನ್‌ನಲ್ಲಿ ಗೀಚಿದ್ದು ಹಾನಿ. ಮಳೆಗಾಲದಲ್ಲಿ ಹೊರಗೋಡೆಯಿಂದ ಬಂದ ತೇವದ ಕಲೆ ಎರಡೂ ಅಲ್ಲ, ಅದು ಕಟ್ಟಡದ ದೋಷ. ಕರಾರಿನಲ್ಲಿ "ಒಂದು ತಿಂಗಳ ಬಾಡಿಗೆ" ಎಂದೇ ಬರೆದು ಸಹಿಯಾಗಿದ್ದರೆ ಆಮೇಲೆ ವಾದಿಸುವುದು ಕಷ್ಟ. ನಮ್ಮ ಉದಾಹರಣೆಯಲ್ಲಿ ಹಾಗೆ ಬರೆದಿಲ್ಲ, "ಪೇಂಟಿಂಗ್ ವೆಚ್ಚ" ಎಂದಷ್ಟೇ ಇದೆ. ವೆಚ್ಚ ಎಂದರೆ ಖರ್ಚಾದದ್ದು, ಬಣ್ಣ ಹೊಡೆಸದೆ ವೆಚ್ಚವಿಲ್ಲ ಎಂಬ ಬಾಡಿಗೆದಾರರ ವಾದಕ್ಕೆ ಹೆಚ್ಚು ಬಲವಿದೆ. ಆದರೂ ವಾದಕ್ಕೆ ಎಡೆಯಿಲ್ಲದಂತೆ ಹೀಗೆ ಬರೆಯಬಹುದು: "ಪೇಂಟಿಂಗ್‌ಗಾಗಿ ಬಿಲ್ಲಿನಲ್ಲಿರುವ ನಿಜವಾದ ಖರ್ಚನ್ನು ಮಾತ್ರ, ಬಾಡಿಗೆದಾರರಿಂದ ಹಾನಿಯಾದ ಗೋಡೆಗಳಿಗೆ ಸೀಮಿತವಾಗಿ ಮುರಿಯತಕ್ಕದ್ದು, ಅದು ಒಂದು ತಿಂಗಳ ಬಾಡಿಗೆಯನ್ನು ಮೀರತಕ್ಕದ್ದಲ್ಲ."

ಇಷ್ಟಾದರೂ ಅಡ್ವಾನ್ಸ್ ಷರತ್ತಿನಲ್ಲಿ ದಿನಾಂಕ ಇಲ್ಲದಿದ್ದರೆ ಉಳಿದದ್ದೆಲ್ಲ ಕಾಗದದಲ್ಲೇ ಉಳಿಯುತ್ತದೆ. "ಹಿಂತಿರುಗಿಸಲಾಗುವುದು" ಎಂಬ ಕ್ರಿಯಾಪದಕ್ಕೆ ಕಾಲವೂ ಇಲ್ಲ, ಕರ್ತೃವೂ ಇಲ್ಲ. ಹೊಸ ಬಾಡಿಗೆದಾರರ ಅಡ್ವಾನ್ಸ್ ಬಂದ ಮೇಲೆ ಕೊಡುತ್ತೇನೆ ಎನ್ನುವುದು ಸಾಮಾನ್ಯ, ಏಕೆಂದರೆ ಹಳೆಯ ಅಡ್ವಾನ್ಸ್ ಅಷ್ಟರಲ್ಲಿ ಖರ್ಚಾಗಿರುತ್ತದೆ. ಇದನ್ನು ಊಹಿಸಿ ಬಾಡಿಗೆದಾರರು ಕೊನೆಯ ಎರಡು ಮೂರು ತಿಂಗಳು ಬಾಡಿಗೆ ಕಟ್ಟದೆ "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ" ಎನ್ನುತ್ತಾರೆ. ಮಾಲೀಕರು ಒಪ್ಪದೆ ಹೀಗೆ ಮಾಡಿದರೆ ಅದು ಬಾಡಿಗೆ ಬಾಕಿ, ಲಾಕ್-ಇನ್‌ನ ವಿನಾಯಿತಿ ಷರತ್ತಿನಡಿ ಮಾಲೀಕರಿಗೆ ಅಸ್ತ್ರ ಕೊಟ್ಟಂತೆ. ಕೊನೆಯ ತಿಂಗಳೊಂದರ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹೊಂದಿಸಲು ಇಬ್ಬರೂ ಮೊದಲೇ ಒಪ್ಪಿ ಬರೆದುಕೊಳ್ಳುವುದು ಪ್ರಾಮಾಣಿಕ ದಾರಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಟ್ಟು, ಪೂರ್ತಿ ಮೊತ್ತವನ್ನೂ ವರ್ಗಾವಣೆಯ ದಿನಾಂಕವನ್ನೂ ಕರಾರಿನಲ್ಲಿ ನಮೂದಿಸಬೇಕು. ಯಾವ ಕಾರಣಕ್ಕೂ ಕೊಟ್ಟದ್ದಕ್ಕಿಂತ ಕಡಿಮೆ ಬರೆಯಲು ಬಾಡಿಗೆದಾರರು ಒಪ್ಪಬಾರದು.

ಹಾನಿಯನ್ನು ಅಳೆಯಲು ಆರಂಭದ ಸ್ಥಿತಿ ಗೊತ್ತಿರಬೇಕು. ಬೀಗದ ಕೈ ಪಡೆದ ದಿನವೇ ಪ್ರತಿ ಕೋಣೆಯ ಗೋಡೆ, ನೆಲ, ಸಿಂಕಿನ ಕೆಳಭಾಗ, ಸ್ನಾನಗೃಹದ ನಲ್ಲಿಗಳ ಚಿತ್ರ ತೆಗೆದು ಮಾಲೀಕರಿಗೆ ಇಮೇಲ್ ಮಾಡಿದರೆ ದಿನಾಂಕ ತಾನೇ ದಾಖಲಾಗುತ್ತದೆ. ಫ್ಯಾನು, ಗೀಸರು, ದೀಪಗಳ ಸಂಖ್ಯೆ ಮತ್ತು ಸ್ಥಿತಿಯ ಪಟ್ಟಿ ಕರಾರಿನ ಅನುಬಂಧವಾಗಿ ಇಬ್ಬರ ಸಹಿಯೊಂದಿಗೆ ಇರಲಿ. ಖಾಲಿ ಮಾಡುವ ದಿನ ಅದೇ ಪಟ್ಟಿಯನ್ನು ಹಿಡಿದು ಇಬ್ಬರೂ ಮನೆ ಸುತ್ತಿದರೆ ಅರ್ಧ ಗಂಟೆಯ ಕೆಲಸ.

ಈ ಷರತ್ತುಗಳು ಇದ್ದಿದ್ದರೆ ಅಕ್ಟೋಬರ್ 31ರ ಲೆಕ್ಕ ಹೇಗಿರುತ್ತಿತ್ತು ನೋಡೋಣ. ಇಬ್ಬರೂ ಮನೆ ಸುತ್ತಿ ನೋಡಿದಾಗ ಒಂದು ಕಿಟಕಿ ಗಾಜು ಒಡೆದಿದೆ, ಕೋಣೆಯ ಒಂದು ಗೋಡೆಯಲ್ಲಿ ರಂಧ್ರಗಳಿವೆ. ಎರಡಕ್ಕೂ ಸೇರಿ ಬಿಲ್ಲು 1,800 ರೂಪಾಯಿ. ಮೋಟರ್ ಸಾವಿರದ ಮಿತಿ ಮೀರಿದ ರಿಪೇರಿ, ಬಾಡಿಗೆದಾರರ ತಪ್ಪಿನಿಂದ ಸುಟ್ಟದ್ದೂ ಅಲ್ಲ, ಆದ್ದರಿಂದ ಅದು ಮಾಲೀಕರದು. ಲಾಕ್-ಇನ್ ಬಾಬ್ತು ನವೆಂಬರ್‌ನ 22,000 ರೂಪಾಯಿಯನ್ನು ಮಾಲೀಕರು ತಡೆಹಿಡಿಯುತ್ತಾರೆ. ಡಿಸೆಂಬರ್ ಮಾತೇ ಇಲ್ಲ, ಏಕೆಂದರೆ ನೋಟಿಸ್ ಲಾಕ್-ಇನ್‌ನೊಂದಿಗೇ ಸಾಗಿ ಮುಗಿದಿದೆ. ಅಂದು ಕೈಗೆ ಬರುವುದು 1,08,200. ನವೆಂಬರ್ 16ಕ್ಕೆ ಹೊಸಬರು ಬಂದಾಗ ಇನ್ನು 11,000. ಒಟ್ಟು 1,19,200 ರೂಪಾಯಿ. ಹೊಸಬರು ಸಿಗದೆ ನವೆಂಬರ್ ಪೂರ್ತಿ ಮನೆ ಖಾಲಿ ಇದ್ದಿದ್ದರೆ ಆ ಹನ್ನೊಂದು ಸಾವಿರ ಮಾಲೀಕರಲ್ಲೇ ಉಳಿಯುತ್ತಿತ್ತು, ಅದೂ ನ್ಯಾಯವೇ.

ಮಾಲೀಕರು ಆಗಲೂ ಕೊಡದಿದ್ದರೆ ಬರಹದಲ್ಲಿ ಕೇಳಿ, ನಂತರ ವಕೀಲರ ನೋಟಿಸ್ ಕಳುಹಿಸಿ, ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿಯೊಳಗೆ ಹಣ ವಸೂಲಿಯ ದಾವೆ ಹೂಡಬೇಕಾಗುತ್ತದೆ. "ಅಡ್ವಾನ್ಸ್ ಕೊಡುವುದು ತಡವಾದರೆ ಕೊಡಬೇಕಿದ್ದ ದಿನದಿಂದ ಇಂತಿಷ್ಟು ಬಡ್ಡಿ" ಎಂಬ ಸಾಲು ಕರಾರಿನಲ್ಲಿದ್ದರೆ ಆ ದಾರಿ ಹಿಡಿಯುವ ಅಗತ್ಯ ಕಡಿಮೆಯಾಗುತ್ತದೆ. ಇತ್ತ ಮಾಲೀಕರೂ ಬಾಡಿಗೆದಾರರು ಖಾಲಿ ಮಾಡಲಿಲ್ಲವೆಂದು ಬೀಗ ಬದಲಿಸುವುದು, ನೀರು ವಿದ್ಯುತ್ತು ಕಡಿಯುವುದು ಸಲ್ಲದು. ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

ಕೊನೆಗೆ ಉಳಿಯುವುದು ಹನ್ನೊಂದು ತಿಂಗಳು ಮುಗಿದ ಮರುದಿನದ ಪ್ರಶ್ನೆ. ಏಪ್ರಿಲ್ 30 ಕಳೆದು, ಹೊಸ ಕರಾರು ಬರೆಯದೆ, ಮೇ ತಿಂಗಳ ಬಾಡಿಗೆಯನ್ನು ಮಾಲೀಕರು ಪಡೆದರೆ, ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಮಿನಂತೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಆಗ ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲು ಹೇಳಿದ ಹದಿನೈದು ದಿನಗಳ ನೋಟಿಸ್ ನಿಯಮ ಒಳಗೆ ಬರುತ್ತದೆ, ಅಂದರೆ ಕರಾರಿನಲ್ಲಿದ್ದ ಒಂದು ತಿಂಗಳ ಕಾಲಾವಕಾಶ ಅರ್ಧಕ್ಕೆ ಇಳಿಯಬಹುದು. ಇದನ್ನು ತಡೆಯಲು "ಅವಧಿ ಮುಗಿದ ಮೇಲೂ ಬಾಡಿಗೆ ಮುಂದುವರಿದರೆ ಲಾಕ್-ಇನ್ ಹೊರತು ಉಳಿದ ಎಲ್ಲ ಷರತ್ತುಗಳೂ, ನೋಟಿಸ್ ಅವಧಿಯೂ ಸೇರಿ, ಅನ್ವಯಿಸತಕ್ಕದ್ದು" ಎಂದು ಬರೆಯಬಹುದು. ಲಾಕ್-ಇನ್ ಹೊರತು ಎಂಬ ಮಾತನ್ನು ಮರೆಯಬಾರದು. ಇಲ್ಲದಿದ್ದರೆ ಪ್ರತಿ ನವೀಕರಣಕ್ಕೂ ಹೊಸ ಆರು ತಿಂಗಳ ಕಟ್ಟು ಶುರುವಾಯಿತೆಂದು ವಾದ ಬರುತ್ತದೆ. ಇನ್ನು ಕೆಲವರು ಶ್ರಮ ಉಳಿಸಲು ಒಂದೇ ಪತ್ರದಲ್ಲಿ ಹನ್ನೊಂದರ ಮೇಲೆ ಹನ್ನೊಂದು ತಿಂಗಳಂತೆ ಮೂರು ಅವಧಿಗಳನ್ನು ಬಾಡಿಗೆ ಏರಿಕೆಯೊಂದಿಗೆ ಈಗಲೇ ನಿಗದಿಮಾಡುತ್ತಾರೆ. ಒಟ್ಟು ಅವಧಿ ಒಂದು ವರ್ಷ ಮೀರಿತು, ಪತ್ರ ನೋಂದಣಿಯಾಗಬೇಕಿತ್ತು ಎಂಬ ಆಕ್ಷೇಪಕ್ಕೆ ಅದು ದಾರಿ ಮಾಡಿಕೊಡುತ್ತದೆ. ಹಾಗಾದಾಗ ಬಾಡಿಗೆ ಸಂಬಂಧವೇ ಅಳಿಯುವುದಿಲ್ಲ: ನೋಂದಣಿಯಿಲ್ಲದ ಐದು ವರ್ಷದ ಗೇಣಿಯಲ್ಲೂ ಸ್ವಾಧೀನ ಮತ್ತು ಬಾಡಿಗೆ ಪಾವತಿಯಿಂದಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಉಂಟಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಆಂಟನಿ ಪ್ರಕರಣದಲ್ಲಿ ಹೇಳಿದೆ. ಆದರೆ ಆ ಪತ್ರದ ಬಲದ ಮೇಲೆ ಅವಧಿಯನ್ನೂ ಲಾಕ್-ಇನ್ ಅನ್ನೂ ಸಾಧಿಸಲು ಹೊರಟವರ ಕೈಯಲ್ಲಿ ಆಗ ಹೆಚ್ಚೇನೂ ಉಳಿದಿರುವುದಿಲ್ಲ. ಪ್ರತಿ ಹನ್ನೊಂದು ತಿಂಗಳಿಗೆ ಹೊಸ ಸ್ಟಾಂಪ್ ಪೇಪರಿನಲ್ಲಿ ಹೊಸ ಕರಾರು ಬರೆದು, ಹಳೆಯ ಅಡ್ವಾನ್ಸ್ ಮೊತ್ತವೇ ಮುಂದುವರಿದಿದೆ ಎಂದು ಅದರಲ್ಲಿ ನಮೂದಿಸುವುದು, ಸ್ವಲ್ಪ ಓಡಾಟವಾದರೂ, ಸುರಕ್ಷಿತ.